ಗಾಡಿ ರಿಪೇರಿ ಸಾಲಕ್ಕೆ ನಿನ್ನ ಕಾಂಟ್ಯಾಕ್ಟ್ಸ್ ಯಾಕೆ ಬೇಕು?

ಮಂಜು,

ಗಾಡಿ ರಿಪೇರಿಗೆ ಅಂತ ಹಾಕಿಕೊಂಡ ಸಾಲದ ಆ್ಯಪ್ ಏನೇನು ಅನುಮತಿ ಕೇಳುತ್ತಿದೆ ಅಂತ ನಿನ್ನೆ ರಾತ್ರಿ ಕಳಿಸಿದ ಫೋಟೋ ನೋಡಿದೆ. ರೂಮ್‌ಮೇಟ್ ಫೋನಲ್ಲಿ ತೆಗೆದಿದ್ದೀಯ, ಟ್ಯೂಬ್‌ಲೈಟ್ ಬೆಳಕು ಬಿದ್ದು ಅರ್ಧ ಕಾಣಿಸುತ್ತಿಲ್ಲ, ಆದರೂ ಬೇಕಾದ ಮೂರು ಸಾಲು ಓದಲು ಸಿಕ್ಕವು: Location, Contacts, Camera. ಕೆಳಗೆ ದೊಡ್ಡದಾಗಿ Agree & Continue. ಸ್ಕ್ರೀನ್‌ಶಾಟ್ ಕಪ್ಪಗೆ ಬರುತ್ತದೆ ಅಂದೆಯಲ್ಲ, ಅದಕ್ಕೆ ಗಾಬರಿ ಬೇಡ. ಬ್ಯಾಂಕ್ ಆ್ಯಪ್‌ಗಳೂ ಹಾಗೇ ತಡೆಯುತ್ತವೆ.

ಆ ಪುಟದಲ್ಲಿ ಪ್ರಶ್ನೆ ಕೇಳುತ್ತಿರುವುದು ನಿನ್ನ ಫೋನ್ ಅಲ್ಲ, ಆ್ಯಪ್‌ನವರೇ ಬರೆದುಕೊಂಡಿರುವ ಪುಟ ಅದು. ಅದನ್ನು ಒತ್ತಿದ ಮಾತ್ರಕ್ಕೆ ಫೋನ್ ಏನನ್ನೂ ಬಿಟ್ಟುಕೊಡುವುದಿಲ್ಲ. ಆಮೇಲೆ ಆಂಡ್ರಾಯ್ಡ್ ತಾನೇ ಒಂದೊಂದಾಗಿ ಕೇಳುತ್ತದೆ, ಅಲ್ಲಿ Don't allow ಅಂತ ಇರುತ್ತದೆ. ಆದರೆ ಮೊದಲ ಪುಟಕ್ಕೆ ಹ್ಞೂಂ ಅಂದವರು ಅದೇ ಬೀಸಿನಲ್ಲಿ ಮುಂದಿನ ಮೂರಕ್ಕೂ ಒತ್ತಿಬಿಡುತ್ತಾರೆ. ಅಂಗಡಿಗೆ ಬರುವ ಫೋನ್‌ಗಳಲ್ಲಿ ದಿನಾ ನೋಡುತ್ತೇನೆ.

ಲೊಕೇಶನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ, ಅದರಲ್ಲಿ ಕಡಿವಾಣ ನಿನ್ನ ಕೈಯಲ್ಲೇ ಇದೆ. ಆಂಡ್ರಾಯ್ಡ್ 12ರಿಂದ Precise, Approximate ಅಂತ ಎರಡು ಚಿತ್ರ ಬರುತ್ತವೆ. ಎರಡನೆಯದನ್ನು ಆರಿಸಿದರೆ ಸುಮಾರು 3 ಚದರ ಕಿಲೋಮೀಟರ್‌ನ ಅಂದಾಜು ಅಷ್ಟೇ ಸಿಗುತ್ತದೆ. ಮಲ್ಲೇಶ್ವರದ ಕಡೆ ಇದ್ದಾನೆ ಅಂತ ಗೊತ್ತಾಗುತ್ತದೆ, ಯಾವ ಕ್ರಾಸ್, ಯಾವ ಪಿಜಿ ಅಂತ ಗೊತ್ತಾಗುವುದಿಲ್ಲ. ಜೊತೆಗೆ Only this time ಒತ್ತಿದರೆ ಆ್ಯಪ್ ಮುಚ್ಚಿದ ಸ್ವಲ್ಪ ಹೊತ್ತಿಗೆ ಅನುಮತಿಯೂ ಹೋಗುತ್ತದೆ.

ಕ್ಯಾಮೆರಾ ಅಂದರೆ ಎಲ್ಲರಿಗೂ ಭಯ, ಮಲಗಿದ್ದಾಗ ನೋಡುತ್ತಾರೆ ಅಂತ. ಆಂಡ್ರಾಯ್ಡ್ 9ರಿಂದ ಹಿಂದೆ ಸುಮ್ನೆ ಬಿದ್ದಿರುವ ಆ್ಯಪ್‌ಗೆ ಕ್ಯಾಮೆರಾ ಸಿಗುವುದಿಲ್ಲ. ಆದರೆ ಆ್ಯಪ್ ತೆರೆದಿರುವಾಗ ಕ್ಲಿಕ್ ಶಬ್ದವಿಲ್ಲದೆ, ಪರದೆಯಲ್ಲಿ ಏನೂ ತೋರಿಸದೆ ಫೋಟೋ ತೆಗೆಯಬಹುದು. ಆಂಡ್ರಾಯ್ಡ್ 12 ಅಥವಾ ಅದರ ನಂತರದ್ದಾದರೆ ಮೇಲಿನ ಬಲಮೂಲೆಯಲ್ಲಿ ಹಸಿರು ಗುರುತು ಬರುತ್ತದೆ, ಅದೊಂದನ್ನು ನೋಡುವ ಅಭ್ಯಾಸ ಇಟ್ಟುಕೊ. ಗ್ಯಾಲರಿಯ ಹಳೇ ಫೋಟೋ, ಮೈಕ್ ಎರಡೂ ಇದರಲ್ಲಿ ಸೇರಿಲ್ಲ, ಅವಕ್ಕೆ ಬೇರೆಯಾಗಿ ಕೇಳಬೇಕು.

ನನಗೆ ತಲೆಬಿಸಿ ಇರುವುದು ನಡುವಿನ ಸಾಲಿನ ಮೇಲೆ. ಕಾಂಟ್ಯಾಕ್ಟ್ಸ್ ಅಂದರೆ ಆ್ಯಪ್ ಒಂದೆರಡು ನಂಬರ್ ನೋಡುತ್ತದೆ ಅಂದುಕೊಂಡಿದ್ದೀಯ ಅಲ್ವಾ? ಹಾಗಲ್ಲ. Allow ಒತ್ತಿದರೆ ಇಡೀ ಪಟ್ಟಿ ಓದಬಹುದು: ಹೆಸರು, ನಂಬರ್, ಇಮೇಲ್, ವಿಳಾಸ, ಹುಟ್ಟಿದ ದಿನ, ಕೆಳಗೆ ನೋಟ್ಸ್ ಜಾಗದಲ್ಲಿ ನೀನು ಬರೆದಿಟ್ಟಿದ್ದೂ ಸೇರಿ. ನಿಮ್ಮತ್ತೆ ನೋಡು, ಗ್ಯಾಸ್ ಏಜೆನ್ಸಿ ನಂಬರ್ ಕೆಳಗೆ ಎಟಿಎಂ ಪಿನ್ ಬರೆದಿಟ್ಟಿದ್ದಳು! ನಾನೇ ಅಳಿಸಿದೆ. ನೂರಾರು ಹೆಸರು ಕಳಿಸಲು ಕೆಲವು ಕ್ಷಣ ಸಾಕು. ಒಂದು ಸಲ ಅವರ ಸರ್ವರ್‌ಗೆ ಹೋದ ಮೇಲೆ ಅನುಮತಿ ಹಿಂದಕ್ಕೆ ತಗೊಂಡರೂ ಆ್ಯಪ್ ಅಳಿಸಿದರೂ ಅಲ್ಲಿರುವ ನಕಲು ಅಲ್ಲೇ ಇರುತ್ತದೆ. ಲೊಕೇಶನ್ನು ಇವತ್ತು ನಿಲ್ಲಿಸಿದರೆ ನಾಳೆಯದಾದರೂ ಉಳಿಯುತ್ತದೆ, ಇದರಲ್ಲಿ ಹಾಗಿಲ್ಲ, ಅಮ್ಮನ ನಂಬರ್ ನಾಳೆಯೂ ಅದೇ ಅಲ್ವಾ.

ನಮ್ಮ ಅಂಗಡಿ ಹುಡುಗ ಇಂಥದ್ದೇ ಒಂದು ಆ್ಯಪ್‌ನಲ್ಲಿ ಐದು ಸಾವಿರ ತಗೊಂಡಿದ್ದ. ಕಂತು ಕಟ್ಟುವುದು ನಾಲ್ಕು ದಿನ ತಡವಾಯಿತು. ಇವನಿಗೆ ಒಂದು ಕಾಲ್ ಇಲ್ಲ, ನೇರ "ಓನರ್ ಆಂಟಿ" ಅಂತ ಸೇವ್ ಆಗಿದ್ದ ನಂಬರ್‌ಗೇ ಮಾಡಿದರು, ಆಮೇಲೆ ಮದುವೆ ಮಾತುಕತೆ ನಡೆಯುತ್ತಿದ್ದ ಹುಡುಗಿಯ ಮನೆಗೆ. ಅಷ್ಟೊತ್ತಿಗೆ ಅವನು ಆ್ಯಪ್ ಅಳಿಸಿ ವಾರವಾಗಿತ್ತು.

ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ: ಸಾಲದ ಆ್ಯಪ್ ಕಾಂಟ್ಯಾಕ್ಟ್ಸ್, ಕಾಲ್ ಪಟ್ಟಿ, ಫೈಲುಗಳನ್ನು ಮುಟ್ಟಬಾರದು. ಕೆವೈಸಿಗೆ ಕ್ಯಾಮೆರಾ, ಲೊಕೇಶನ್ ಬೇಕಾದರೆ ನಿನ್ನ ಒಪ್ಪಿಗೆ ಪಡೆದು ಒಮ್ಮೆ ಮಾತ್ರ. ಪ್ಲೇ ಸ್ಟೋರ್‌ನಲ್ಲೂ 2023ರಿಂದ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೋ ಕೇಳುವಂತಿಲ್ಲ. ಅಂದಮೇಲೆ ನೀನು ಕಳಿಸಿದ ಫೋಟೋದಲ್ಲಿರುವ ಆ ಒಂದು ಸಾಲೇ ಸಾಕು, ಇವರು ಹೇಗಿನವರು ಅಂತ ತಿಳಿಯಲು. ಲಿಂಕ್ ವಾಟ್ಸಾಪ್‌ನಲ್ಲಿ ಬಂತಾ? ನನಗೆ ಅದೇ ಅನುಮಾನ.

ಈಗ ಮಾಡಬೇಕಾದ್ದು ಇಷ್ಟು. ಆ ಪುಟದಿಂದ ಹಿಂದೆ ಬಾ. ಆ್ಯಪ್ ಐಕಾನ್ ಒತ್ತಿ ಹಿಡಿ, App info, ಅದರೊಳಗೆ Permissions. Contacts ಎಂಬುದು Not allowed ಕೆಳಗಿದ್ದರೆ ಬಚಾವ್, ಆ್ಯಪ್ ತೆಗೆದುಹಾಕು. Allowed ಕೆಳಗಿದ್ದರೆ ಪಟ್ಟಿ ಆಗಲೇ ಹೋಗಿರಬಹುದು ಅಂದುಕೊಂಡು ಮನೆಯವರಿಗೆ ಒಂದು ಮಾತು ಹೇಳಿಡು, ಯಾರಾದರೂ ನಿನ್ನ ಹೆಸರಲ್ಲಿ ದುಡ್ಡು ಕೇಳಿದರೆ ಕೊಡಬೇಡಿ ಅಂತ. ಬೆದರಿಕೆ ಕಾಲ್ ಬಂದರೆ ನಂಬರ್, ಮೆಸೇಜ್ ಉಳಿಸಿಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಗೆ ಫೋನ್ ಮಾಡು.

ಇನ್ನು ಗಾಡಿ ರಿಪೇರಿಗೆ ಎಷ್ಟು ಬೇಕು ಅಂತ ನನಗೇ ಕೇಳಬಹುದಿತ್ತಲ್ಲೋ. ಭಾನುವಾರ ಅಂಗಡಿ ಮಧ್ಯಾಹ್ನದವರೆಗೆ ತೆರೆದಿರುತ್ತದೆ, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ತಗೊಂಡು ಬಾ.

ನಿನ್ನ ಮಾವ