ಮಗುವಿನ ಕಣ್ಣಲ್ಲಿ ಸದಾ ನೀರು

ಪ್ರೀತಿಯ ಗೆಳೆಯ,

ಮಗಳ ಎಡಗಣ್ಣಲ್ಲಿ ಸದಾ ನೀರು, ಬೆಳಿಗ್ಗೆ ಏಳುವಾಗ ಗೀಜಿಗೆ ರೆಪ್ಪೆ ಅಂಟಿಕೊಂಡಿರುತ್ತದೆ ಅಂತ ಬರೆದಿದ್ದೀಯ. ನೀನು ಕಳಿಸಿದ ಫೋಟೋದಲ್ಲಿ ನಾನು ಮೊದಲು ನೋಡಿದ್ದು ಕಣ್ಣಿನ ಬಿಳಿ ಭಾಗವನ್ನು. ಅದು ಬೆಳ್ಳಗೇ ಇದೆ, ರೆಪ್ಪೆಯೂ ಊದಿಲ್ಲ. ಮಗುವಿಗೆ ಏಳು ವಾರ, ಹಾಲು ಚೆನ್ನಾಗಿ ಕುಡಿಯುತ್ತಿದ್ದಾಳೆ. ಇದು ಕಣ್ಣೀರಿನ ನಾಳ ಕಟ್ಟಿಕೊಂಡ ಹಾಗೆ ಕಾಣುತ್ತದೆ. ಆದರೂ ಫೋಟೋ ನೋಡಿ ಖಚಿತ ಹೇಳಲಾಗದು, ಮುಂದಿನ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರಿಗೆ ತೋರಿಸು.

ಕಣ್ಣೀರು ಮೂಗಿನ ಪಕ್ಕದ ಒಂದು ಪುಟ್ಟ ಚೀಲಕ್ಕೆ ಇಳಿದು, ಅಲ್ಲಿಂದ ನಾಳದಲ್ಲಿ ಮೂಗಿನೊಳಗೆ ಹರಿಯುತ್ತದೆ. ಕೆಲವು ಮಕ್ಕಳಲ್ಲಿ ನಾಳದ ಕೆಳತುದಿಯ ತೆಳು ಪೊರೆ ಹುಟ್ಟುವ ಹೊತ್ತಿಗೆ ತೆರೆದಿರುವುದಿಲ್ಲ. ನಿಂತ ನೀರು ಮಂದವಾಗಿ ಗೀಜಾಗುತ್ತದೆ. ಗೀಜು ಬಂದ ಮಾತ್ರಕ್ಕೆ ಸೋಂಕು ಅಂತಲ್ಲ, ಸುಮ್ನೆ ಮನೆಯಲ್ಲಿರುವ ಹಳೆಯ ಡ್ರಾಪ್ಸ್ ಹಾಕಬೇಡ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷ ತುಂಬುವುದರೊಳಗೆ ಪೊರೆ ತಾನೇ ತೆರೆದುಕೊಳ್ಳುತ್ತದೆ.

ಅಲ್ಲಿಯವರೆಗೆ ಮಸಾಜ್ ಮಾಡಬಹುದು. ಸರಿಯಾದ ಜಾಗ ಡಾಕ್ಟರ್ ಒಮ್ಮೆ ತೋರಿಸಿದರೆ ಒಳ್ಳೆಯದು. ಉಗುರು ಕತ್ತರಿಸಿ, ಕೈ ತೊಳೆದುಕೋ. ಕಣ್ಣಿನ ಒಳಮೂಲೆ ಮೂಗಿಗೆ ಸೇರುವಲ್ಲಿ ಕಿರುಬೆರಳಿಟ್ಟು ಒತ್ತಿ, ಮೂಗಿನ ಪಕ್ಕದಲ್ಲೇ ಕೆಳಕ್ಕೆ ಎಳೆ. ಬರೀ ಚರ್ಮ ಸವರಿದರೆ ಸಾಲದು, ಒಳಗಿನ ನೀರು ಪೊರೆಯನ್ನು ತಳ್ಳುವಷ್ಟು ಒತ್ತಡ ಬೇಕು. ಕಣ್ಣುಗುಡ್ಡೆಯನ್ನು ಮಾತ್ರ ಒತ್ತಬಾರದು. ಒಂದು ಸಲಕ್ಕೆ ಐದರಿಂದ ಹತ್ತು ಬಾರಿ, ದಿನಕ್ಕೆ ಎರಡು ಮೂರು ಸಲ. ಒತ್ತಿದಾಗ ಸ್ವಲ್ಪ ಗೀಜು ಮೇಲಕ್ಕೆ ಬಂದರೆ ಬೆರಳು ಸರಿಯಾದ ಜಾಗದಲ್ಲಿದೆ ಅಂತ ಅರ್ಥ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒರೆಸು, ಪ್ರತಿ ಸಲಕ್ಕೂ ಹೊಸ ಹತ್ತಿ.

ಸೋಂಕಾದರೆ ಚಿತ್ರವೇ ಬೇರೆ. ಕಣ್ಣಿನ ಬಿಳಿ ಭಾಗ ಕೆಂಪಾಗುತ್ತದೆ, ರೆಪ್ಪೆ ಊದುತ್ತದೆ, ಒರೆಸಿದ ಸ್ವಲ್ಪ ಹೊತ್ತಿಗೇ ಹಳದಿ ಕೀವು ಮತ್ತೆ ತುಂಬಿಕೊಳ್ಳುತ್ತದೆ. ಹಾಗಾದರೆ ಅವತ್ತೇ ತೋರಿಸು. ಕಣ್ಣಿನ ಒಳಮೂಲೆಯ ಕೆಳಗೆ ಕೆಂಪಗೆ ಗಂಟು ಎದ್ದು, ಮುಟ್ಟಿದರೆ ಮಗು ಚೀರಿದರೆ, ಜ್ವರ ಬಂದರೆ, ಮಸಾಜ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗು. ಚೀಲಕ್ಕೇ ಸೋಂಕು ತಗಲಿರಬಹುದು, ಅದು ಕಣ್ಣಿನ ಸುತ್ತ ಹರಡಬಹುದು.

ನಿನ್ನ ತಂಗಿಗೆ ಹೆರಿಗೆ ಹತ್ತಿರ ಇದೆ ಅಲ್ವಾ, ಅವಳಿಗೂ ಒಂದು ಮಾತು ಹೇಳು. ಹುಟ್ಟಿದ ಮೊದಲ ನಾಲ್ಕು ವಾರಗಳಲ್ಲಿ ಕಣ್ಣು ಕೆಂಪಾಗಿ ಕೀವು ಬಂದರೆ ಒಂದು ದಿನವೂ ಕಾಯಬಾರದು. ಹೆರಿಗೆಯಲ್ಲಿ ತಗಲುವ ಕೆಲವು ಸೋಂಕುಗಳು ದೃಷ್ಟಿಯನ್ನೇ ಕೆಡಿಸುತ್ತವೆ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಗೀಜಿಲ್ಲದೆ ನೀರು ಮಾತ್ರ ಸುರಿಯುತ್ತಾ, ಮಗು ಬೆಳಕಿಗೆ ಕಣ್ಣು ಬಿಗಿದು ಮುಚ್ಚಿದರೆ, ಕಪ್ಪು ಭಾಗ ದೊಡ್ಡದಾಗಿ ಅಥವಾ ಮಂಜಾಗಿ ಕಂಡರೆ ಅದು ಕಣ್ಣೊಳಗಿನ ಒತ್ತಡ ಹೆಚ್ಚಿ ದೃಷ್ಟಿ ಕೆಡಿಸುವ ಗ್ಲಾಕೋಮಾ ಇರಬಹುದು. ಆಗಲೂ ತಡ ಮಾಡದೆ ಕಣ್ಣಿನ ಡಾಕ್ಟರನ್ನೇ ನೋಡಬೇಕು.

ಮಗಳಿಗೆ ವರ್ಷ ತುಂಬಿದ ಮೇಲೂ ನೀರು ನಿಲ್ಲದಿದ್ದರೆ, ಡಾಕ್ಟರ್ ತೆಳು ಕಡ್ಡಿಯೊಂದನ್ನು ನಾಳದೊಳಗೆ ಇಳಿಸಿ ಪೊರೆ ಬಿಡಿಸುತ್ತಾರೆ. ಚಿಕ್ಕ ಕೆಲಸ ಅದು. ಡಾಕ್ಟರ್ ಏನೆಂದರು ಅಂತ ಮರೆಯದೆ ಬರಿ.

ನಿನ್ನ ಗೆಳೆಯ