‘ಸ್ಕಿನ್’ ಕಡ್ಡಿ ಎಲ್ಲಿ ಹೋಯಿತು? ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಹೊಸ ಕ್ರೇಯಾನ್ ಪೆಟ್ಟಿಗೆ ತೆರೆದವರು ‘ಸ್ಕಿನ್’ ಅನ್ನುವ ಲೇಬಲ್ ಕಾಣದೆ ಫೋನ್ ಮಾಡುತ್ತಿದ್ದೀರಿ. ಆ ಕಡ್ಡಿ ಎಲ್ಲೂ ಹೋಗಿಲ್ಲ. ಅದೇ ತಿಳಿ ಬಣ್ಣ, ಅದೇ ಪಾಕ, ಹೆಸರು ಮಾತ್ರ ‘ಪೀಚ್’. ಅದರ ಪಕ್ಕದಲ್ಲಿ ಗೋಧಿ, ಜೇನು, ಕೆಂಗಂದು, ಕಾಫಿ, ಎಣ್ಣೆಗಪ್ಪು ಎಂದು ಐದು ಹೊಸ ಕಡ್ಡಿಗಳು ಸೇರಿವೆ. ಆರೂ ಮೈಬಣ್ಣಗಳೇ. ಜಾಗ ಸಾಲದೆ ಪೆಟ್ಟಿಗೆ ಉದ್ದವಾಗಿದೆ, ಬೆಲೆಯೂ ಏರಿದೆ, ಈ ಸಲದ ಆರ್ಡರ್‌ಗಳೂ ತಡವಾಗಿವೆ. ಕಾಯಿಸಿದ್ದಕ್ಕೆ ಕ್ಷಮೆ ಇರಲಿ. ಕಡ್ಡಿಗಳ ಬಗ್ಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಮ್ಮ ಕೈಯಿಂದ ಬಂದ ಒಳ್ಳೆಯ ಮಾಲುಗಳಲ್ಲಿ ಇದೂ ಒಂದು.

ಯಾವುದೋ ಗಾಳಿಗೆ ಬಿದ್ದು ಹೀಗೆ ಮಾಡಿದ್ದೇವೆ ಎಂದು ಕೆಲವರು ಬರೆದಿದ್ದಾರೆ. ಈ ಮಾತು ಈಗಿನದಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ತನ್ನ ‘ಫ್ಲೆಶ್’ ಕಡ್ಡಿಯನ್ನು ‘ಪೀಚ್’ ಎಂದು ಕರೆದದ್ದು 1962ರಲ್ಲಿ, ಕರಿಯರ ನಾಗರಿಕ ಹಕ್ಕುಗಳ ಹೋರಾಟ ಜೋರಾಗಿದ್ದಾಗ. ಆದರೆ ಅವತ್ತು ಬದಲಾದದ್ದು ಕಾಗದದ ಸುತ್ತು ಅಷ್ಟೇ. ಮೈಬಣ್ಣಗಳದ್ದೇ ಒಂದು ಪೆಟ್ಟಿಗೆ ಬರಲು 1992 ಆಗಬೇಕಾಯಿತು. ಅದರಲ್ಲಿ ಇದ್ದದ್ದೂ ಸೀಪಿಯಾ, ಮಹಾಗನಿ, ಟ್ಯಾನ್‌ನಂಥ ಹಳೆಯ ಕಡ್ಡಿಗಳೇ, ಹೊಸದಾಗಿ ಜೋಡಿಸಿದ್ದು. ಮೈಬಣ್ಣಕ್ಕೆಂದೇ ಪಾಕ ಹಾಕಿದ 24 ಕಡ್ಡಿಗಳ ಪೆಟ್ಟಿಗೆ ಬಂದದ್ದು 2020ರಲ್ಲಿ.

ಇಷ್ಟು ಕಾಲ ಒಂದೇ ತಿಳಿ ಬಣ್ಣ ಯಾಕೆ ಎಲ್ಲರ ‘ಚರ್ಮ’ ಆಗಿತ್ತು? ಮಾಡುವವರು ಮನಸ್ಸಿನಲ್ಲಿ ಇಟ್ಟುಕೊಂಡ ಗಿರಾಕಿ ಬಿಳಿಯ, ಅದಕ್ಕೆ. ಬ್ಯಾಂಡ್-ಏಡ್ 1920ರಲ್ಲಿ ಹುಟ್ಟಿತು. ಮುಂದೆ ಅದನ್ನು ಮೈಬಣ್ಣದ್ದು, ಹಚ್ಚಿದರೆ ಕಾಣುವುದೇ ಇಲ್ಲ ಎಂದು ಜಾಹೀರಾತು ಮಾಡಿ ಮಾರಿದರು. ಯಾರ ಕೈ ಮೇಲೆ ಕಾಣುವುದಿಲ್ಲ ಎಂದು ಕೇಳುವವರು ಆ ಆಫೀಸಿನಲ್ಲಿ ಇರಲಿಲ್ಲ. ಒಂದೇ ಬಣ್ಣ ಅಂದರೆ ಒಂದೇ ಅಚ್ಚು, ಒಂದೇ ದಾಸ್ತಾನು. ಲೆಕ್ಕಕ್ಕೂ ಸುಲಭ. ‘ನ್ಯೂಡ್’, ಅಂದರೆ ಮೈಬಣ್ಣದ್ದು ಎಂದು ಮಾರುವ ಶೂ ಕಥೆಯೂ ಇದೇ. ಬ್ಯಾಲೆ ಕುಣಿಯುವ ಕಪ್ಪು ಹುಡುಗಿಯರು ಗುಲಾಬಿ ಸ್ಯಾಟಿನ್ ಶೂಗೆ ಮುಖಕ್ಕೆ ಹಚ್ಚುವ ಫೌಂಡೇಶನ್ ಬಳಿದು, ಒಣಗಿಸಿ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಅವರ ನಡುವೆ ‘ಪ್ಯಾನ್‌ಕೇಕಿಂಗ್’ ಎಂಬ ಹೆಸರೇ ಇದೆ. ಲಂಡನ್ನಿನ ಫ್ರೀಡ್ ಕಂಪನಿ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಶೂ ತಂದದ್ದು 2018ರಲ್ಲಿ. ಬಹಳ ಕಾಲ ಆ ಫೌಂಡೇಶನ್ ಖರ್ಚು ಹೆಚ್ಚಾಗಿ ಕುಣಿಯುವವರ ಮೇಲೇ ಬೀಳುತ್ತಿತ್ತು.

ಈಗ ದಿನಾ ಕೇಳುವ ಆ ಒಂದು ದೂರಿಗೆ ಬರುತ್ತೇನೆ. “ಪೆಟ್ಟಿಗೆಯಲ್ಲಿ ಬ್ರೌನ್ ಇತ್ತಲ್ವಾ? ಬೇಕಾದವರು ಅದನ್ನೇ ಬಳಸಬಹುದಿತ್ತು. ಐದು ಕಡ್ಡಿ ಸೇರಿಸಿ ಸುಮ್ನೆ ಬೆಲೆ ಏರಿಸಿದ್ದು ಯಾಕೆ?”

ಬ್ರೌನ್ ಮರದ ಕಾಂಡಕ್ಕೆಂದು ಮಾಡಿದ ಕಡ್ಡಿ. ಅದರಿಂದ ಮುಖ ತುಂಬಿ ನೋಡಿ. ಒತ್ತಿದರೆ ಮಣ್ಣು ಮೆತ್ತಿದ ಹಾಗೆ ಆಗುತ್ತದೆ. ಹಗುರವಾಗಿ ಉಜ್ಜಿದರೆ ಕಾಗದದ ಬಿಳಿ ಚುಕ್ಕೆಗಳು ಇಣುಕುತ್ತವೆ, ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ.

ಅದೇ ಬ್ರೌನ್‌ಗೆ ಬಿಳಿ ಸೇರಿಸಿದರೆ ಐದೂ ಬಣ್ಣ ಬರುವುದಿಲ್ವಾ ಎಂದು ಮೊದಲು ನಮ್ಮಲ್ಲೂ ಕೇಳಿದರು. ಬರುವುದಿಲ್ಲ. ಪೀಚ್ ಕಡ್ಡಿಯಲ್ಲಿ ಜಾಸ್ತಿ ಇರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ, ಅದಕ್ಕೆ ಚಿಟಿಕೆ ಕೆಂಪು, ಚಿಟಿಕೆ ಹಳದಿ. ತಿಳಿ ಬಣ್ಣಕ್ಕೆ ಅದು ಸರಿ. ಗಾಢ ಬಣ್ಣಕ್ಕೆ ಅದೇ ಬಿಳಿ ಹಾಕಿದರೆ ಬಣ್ಣ ತಿಳಿಯಾಗುವ ಬದಲು ಸುಣ್ಣ ಕಲಸಿದಂತೆ ಮಂಕಾಗುತ್ತದೆ. ಹಾಗಾಗಿ ಕಾಫಿ ಮತ್ತು ಎಣ್ಣೆಗಪ್ಪಿಗೆ ಬಿಳಿ ಹಾಕುವುದೇ ಇಲ್ಲ. ಐರನ್ ಆಕ್ಸೈಡ್ ಎಂಬ ಕೆಂಪು, ಹಳದಿ, ಕಪ್ಪು ಬಣ್ಣದ ಪುಡಿಗಳನ್ನು ಮಾತ್ರ ಬೆರೆಸುತ್ತೇವೆ. ಅದೂ ಕಣ್ಣಂದಾಜಿನ ಕೆಲಸವಲ್ಲ. ಹಳದಿಗೆ ಕಪ್ಪು ಸ್ವಲ್ಪ ಜಾಸ್ತಿಯಾದರೆ ಬಣ್ಣ ಹಸಿರಿಗೆ ತಿರುಗುತ್ತದೆ, ಬರೆದ ಮುಖ ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ. ಅದನ್ನು ಎಳೆದು ತರಲು ಕೆಂಪು ಬೇಕು. ಎಣ್ಣೆಗಪ್ಪಿಗಂತೂ ಕೆಂಪು ಒಂದು ಪಾಲು ಮುಂದೆಯೇ ಇದೆ. ಮಕ್ಕಳು ಕಣ್ಣು, ಹುಬ್ಬು, ಕೂದಲನ್ನು ಕಪ್ಪು ಕಡ್ಡಿಯಲ್ಲಿ ಬರೆಯುತ್ತಾರೆ. ಮುಖಕ್ಕೂ ಕಪ್ಪೇ ಜಾಸ್ತಿ ಹಾಕಿದರೆ ಕಣ್ಣು ಮಾಯವಾಗುತ್ತದೆ!

ಇನ್ನು ಖರ್ಚು. ಐರನ್ ಆಕ್ಸೈಡ್ ಮೇಣಕ್ಕಿಂತ ನಾಲ್ಕೈದು ಪಟ್ಟು ಭಾರ. ಕರಗಿದ ಮೇಣದಲ್ಲಿ ಕೈಯಾಡಿಸುವುದು ನಿಂತರೆ ಪುಡಿ ತಳ ಸೇರುತ್ತದೆ. ಮೇಣ ಅತಿಯಾಗಿ ಕಾದು ನೀರಾದರೆ ಇನ್ನೂ ಬೇಗ ಇಳಿಯುತ್ತದೆ. ಆದ್ದರಿಂದ ಗಾಢ ಬಣ್ಣಗಳನ್ನು ಸಣ್ಣ ಪಾತ್ರೆಯಲ್ಲಿ, ಕಾವು ಕಡಿಮೆ ಇಟ್ಟು, ಬಿಡದೆ ತಿರುಗಿಸುತ್ತಾ ಅಚ್ಚಿಗೆ ಹೊಯ್ಯಬೇಕು. ಮೊದಲಿನ ಹಾಗೆ ದೊಡ್ಡ ಪಾತ್ರೆಯಲ್ಲಿ ಒಂದೇ ಸಲ ಮುಗಿಸಲು ಆಗುವುದಿಲ್ಲ. ತಿಳಿಯಿಂದ ಗಾಢಕ್ಕೆ ಹೋಗುವಾಗ ಪಾತ್ರೆ ಒರೆಸಿದರೆ ಸಾಕು. ಗಾಢದಿಂದ ತಿರುಗಿ ಪೀಚ್‌ಗೆ ಬರುವಾಗ ಪಾತ್ರೆ, ಕೊಳವೆ, ಅಚ್ಚು ಎಲ್ಲವನ್ನೂ ಬಿಸಿ ಮೇಣದಲ್ಲಿ ತೊಳೆಯಬೇಕು. ತೊಳೆದ ಆ ಮೇಣವನ್ನು ತಿಳಿ ಬಣ್ಣದ ಯಾವ ಕಡ್ಡಿಗೂ ಬಳಸುವಂತಿಲ್ಲ. ನಿಮ್ಮ ಬಿಲ್ಲಿನಲ್ಲಿ ಏರಿದ್ದು ಈ ಕೂಲಿ ಮತ್ತು ಈ ನಷ್ಟ. ಹೆಸರು ಬದಲಿಸಿದ್ದಕ್ಕೆ ನಾವು ಕಾಸು ಹಾಕಿಲ್ಲ, ದಯವಿಟ್ಟು ಹಾಗೆ ಹೇಳಬೇಡಿ.

ಹೆಸರಿನ ಬಗ್ಗೆ ಒಂದೇ ಮಾತು. ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ಮಾನವ ಹಕ್ಕು ಆಯೋಗ ಹೇಳಿದ ಮೇಲೆ ‘ಮೈಬಣ್ಣ’ದ ಹೆಸರು ತೆಗೆದು ಬೇರೆ ಹೆಸರಿಟ್ಟರು. ಆ ಹೊಸ ಹೆಸರು ತಮಗೆ ಅರ್ಥವೇ ಆಗುವುದಿಲ್ಲ ಎಂದು ಮಕ್ಕಳೇ ದೂರು ಕೊಟ್ಟರು. 2005ರಲ್ಲಿ ಮತ್ತೆ ಬದಲಾಯಿಸಿ ಆಪ್ರಿಕಾಟ್ ಹಣ್ಣಿನ ಹೆಸರಿಟ್ಟರು. ಅದನ್ನು ನೋಡಿಯೇ ನಾವು ಮಕ್ಕಳ ಬಾಯಿಗೆ ಬರುವ ಮಾತುಗಳನ್ನು ಆರಿಸಿದೆವು. ನಂಬರ್ ಹಾಕಿದ್ದರೆ ಅಗ್ಗವಾಗುತ್ತಿತ್ತು, ನಿಜ. ಆದರೆ ಒಂದನೇ ನಂಬರ್ ಯಾರಿಗೆ ಕೊಡುವುದು ಎಂಬ ಜಗಳ ನಮಗೆ ಬೇಡವಾಗಿತ್ತು.

ಕಡ್ಡಿಯ ಮೈ ನೋಡಿ ಬಣ್ಣ ಅಳೆಯಬೇಡಿ. ಎಣ್ಣೆಗಪ್ಪು ಕೈಯಲ್ಲಿ ಹಿಡಿದಾಗ ಕಪ್ಪೇ ಅನ್ನಿಸುತ್ತದೆ, ಕಾಗದದ ಮೇಲೆ ಎಳೆದರೆ ಕಂದು ಬಿಚ್ಚಿಕೊಳ್ಳುತ್ತದೆ. ಆರರಲ್ಲಿ ಯಾವುದೂ ಹೊಂದದಿದ್ದರೆ ಮೊದಲು ಜೇನು ಹಗುರವಾಗಿ ತುಂಬಿ, ಮೇಲೆ ಕೆಂಗಂದು ಅಥವಾ ಕಾಫಿ ಉಜ್ಜಿ. ಆರು ಕಡ್ಡಿಗೆ ಎಲ್ಲರ ಮೈಬಣ್ಣ ಹಿಡಿಯುತ್ತದೆ ಎಂದು ನಾವೇನೂ ಹೇಳುತ್ತಿಲ್ಲ. ಹಳದಿ ಛಾಯೆಯ ಗಾಢ ಬಣ್ಣ ಇನ್ನೂ ನಮಗೆ ಒಲಿದಿಲ್ಲ, ಹಸಿರಿಗೇ ಓಡುತ್ತಿದೆ.

ಕಡ್ಡಿಯ ಎರಡೂ ತುದಿ ಉಜ್ಜಿ ನೋಡಿ. ಒಂದು ತುದಿ ಗಾಢ, ಇನ್ನೊಂದು ತೆಳು ಇದ್ದರೆ ಅಚ್ಚಿನಲ್ಲಿ ಪುಡಿ ಇಳಿದಿದೆ ಎಂದು ಅರ್ಥ. ಅಂಥ ಕಡ್ಡಿ ಕಳಿಸಿ, ಬದಲಿ ಕೊಡುತ್ತೇವೆ, ಅಂಚೆ ಖರ್ಚು ನಮ್ಮದು. ‘ಸ್ಕಿನ್’ ಲೇಬಲ್ಲಿನ ಹಳೆಯ ಪೆಟ್ಟಿಗೆ ಇಟ್ಟುಕೊಂಡವರು ಎಸೆಯಬೇಡಿ. ಐದು ಹೊಸ ಕಡ್ಡಿಗಳು ಬಿಡಿಯಾಗಿಯೂ ಸಿಗುತ್ತವೆ.

ಇಂತಿ,
ನಿಮ್ಮ ಕ್ರೇಯಾನ್ ಸಹಕಾರಿಯ ಎಲ್ಲರ ಪರವಾಗಿ
ಪಾಕದ ಮನೆಯ ಮೇಲ್ವಿಚಾರಕಿ