ಚೌತಿಗೆ ಬರೋ ಮಗಳಿಗೆ, ದೋಣಿಗಲ್ಲಿಂದ ನೆಟ್ಟಣದ ತನಕ

ಪುಟ್ಟಿ,

ನಿನ್ನೆ ರಾತ್ರಿ ಫೋನ್ ಕಟ್ ಆಗಿದ್ದು ನೆಟ್‌ವರ್ಕ್ ಹೋಗಿ ಅಲ್ಲ, ನೀನೇ ಕಟ್ ಮಾಡಿದ್ದು ಅಂತ ನಂಗೂ ಗೊತ್ತು ನಿನ್ನ ಅಮ್ಮಂಗೂ ಗೊತ್ತು. "ಪ್ರತಿ ಸ್ಟೇಷನ್ನಿಗೂ ಮೆಸೇಜ್ ಹಾಕು ಅಂತ ಪ್ರಾಣ ತಿಂದ್ರೆ ನಾನು ಹಬ್ಬಕ್ಕೆ ಬರೋದೇ ಇಲ್ಲ" ಅಂದೆ. ಅದಕ್ಕೆ ನಾನು ಏನಂದೆ ಅಂತ ಇಬ್ರಿಗೂ ನೆನಪಿದೆ, ಅದನ್ನ ಇಲ್ಲಿ ಮತ್ತೆ ಬರೆಯೋದು ಬೇಡ. ಟಿಕೆಟ್ ಕ್ಯಾನ್ಸಲ್ ಮಾಡ್ಬೇಡ ಅಷ್ಟೇ. ಚೌತಿ ಟೈಮಲ್ಲಿ ಬೆಂಗಳೂರಿಂದ ಕುಮಟಾಕ್ಕೆ ಬರೋ ಪಂಚಗಂಗಾ ಟ್ರೇನಲ್ಲಿ ಆರ್‌ಎಸಿ ಸಿಗೋದೂ ಕಷ್ಟ, ಸೈಡ್ ಲೋವರಲ್ಲಿ ಇಬ್ರು ಕಾಲು ಮಡಚಿ ಕೂತ್ರೂ ಸೈ, ಸೀಟು ಸೀಟೇ. ಹಾಸನ ದಾಟಿದ ಮೇಲೆ ಟಿಟಿ ಬಂದಾಗ ಬರ್ತ್ ಖಾಲಿ ಇದ್ಯಾ ಅಂತ ಒಂದು ಮಾತು ಕೇಳು, ನಾಚಿಕೆ ಮಾಡ್ಕೊಂಡು ಸುಮ್ನೆ ಕೂರಬೇಡ.

ನಾನು ಫೋನಲ್ಲಿ ಹೇಳೋಕೆ ಹೋದ್ರೆ ಬರೀ ಕೂಗಾಟ ಆಗತ್ತೆ, ಅದಕ್ಕೆ ಟೈಪ್ ಮಾಡ್ತಾ ಇದ್ದೇನೆ. ಉದ್ದ ಆದ್ರೆ ಟ್ರೇನಲ್ಲಿ ಓದು, ಹನ್ನೆರಡು ತಾಸು ಇದ್ಯಲ್ಲ.

ಹೋದ ವರ್ಷದ ಚೌತಿ ನೆನಪು ಮಾಡ್ಕೋ. ಕಾಲೇಜು ಸೇರಿ ಮೊದಲನೇ ಸಲ ಹಬ್ಬಕ್ಕೆ ಬರ್ತಿದ್ದೆ. ನಾನು ಹೇಳೇ ಇರ್ಲಿಲ್ಲ, ನೀನೇ ಲೆಕ್ಕ ಶುರು ಮಾಡಿದ್ದು. ಯಶವಂತಪುರ ಬಿಟ್ಟ ಕೂಡ್ಲೆ "ಅಪ್ಪಾ ಇನ್ನು 12 ತಾಸು". ಕುಣಿಗಲ್ ಬಂತು ಅಂತ ಒಂದು, ಚನ್ನರಾಯಪಟ್ಣ ಬಂತು ಅಂತ ಒಂದು. ಹಾಸನದಲ್ಲಿ "ಇನ್ನು 9 ತಾಸು, ಪಕ್ಕದ ಅಜ್ಜಿ ಚಪಾತಿ ಕೊಟ್ರು". ಸಕಲೇಶಪುರದಲ್ಲಿ "ಜೋರು ಮಳೆ, ಟೀ ಕುಡ್ದೆ". ಆಮೇಲೆ ದೋಣಿಗಲ್. ಬರೀ ದೋಣಿಗಲ್ ಅಂತ ಒಂದೇ ಶಬ್ದ, ಅಷ್ಟೇ. ಅಲ್ಲಿಗೆ ನಿಂತೋಯ್ತು.

ಆಗ ರಾತ್ರಿ ಹನ್ನೊಂದು ದಾಟಿತ್ತು. ಅಲ್ಲಿಂದ ಕೆಳಗೆ ಟವರ್ ಸಿಗಲ್ಲ ಅಂತ ನಂಗೆ ಗೊತ್ತಿತ್ತು, ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಅಂದ್ರೆ ನಮ್ಮ ನೆಟ್ಟಣ, ಬರೀ 55 ಕಿಲೋಮೀಟರ್. ಆದ್ರೆ ಗಾಡಿ 30ರ ಸ್ಪೀಡ್ ಮೇಲೆ ಹೋಗೋ ಹಾಗಿಲ್ಲ, ನಡುನಡುವೆ ನಿಲ್ಲಿಸ್ತಾರೆ, ಸರಿಯಾಗಿ ಹೋದ್ರೂ ಎರಡೂವರೆ ತಾಸು ಬೇಕು. ಬೆಂಗಳೂರಿಂದ ಹಾಸನದ ತನಕ ಸ್ಟೇಷನ್ ಎಣಿಸಿದ್ರೆ ಟೈಮ್ ಓಡತ್ತೆ, ಘಾಟಲ್ಲಿ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಅಂತ ನಾಲ್ಕೇ ಹೆಸರು, ಟೈಮ್ ಮಾತ್ರ ಅಲ್ಲೇ ಕೂತ್ಕೊಳತ್ತೆ. ಒಂದೂವರೆ ಎರಡರೊಳಗೆ ನೆಟ್ಟಣ ಅಂತ ನಿನ್ನ ಮೆಸೇಜ್ ಬರಬೇಕಿತ್ತು. ಬರ್ಲಿಲ್ಲ.

ಎರಡಾಯ್ತು, ಮೂರಾಯ್ತು. ಆ್ಯಪ್ ಓಪನ್ ಮಾಡಿದ್ರೆ ದೋಣಿಗಲ್ ಬಿಟ್ಟಿದೆ ಅಂತ ತೋರಿಸ್ತಿತ್ತು, ಕ್ಲೋಸ್ ಮಾಡಿ ಮತ್ತೆ ಓಪನ್ ಮಾಡಿದ್ರೂ ಅದೇ. ಅಮ್ಮ ಮಲಗು ಮಲಗು ಅಂದ್ಲು. ನಾನು ಹಿತ್ಲಿಗೆ ಹೋಗಿ ಗಣಪನ ಮೇಲೆ ಕಟ್ಟೋ ಫಲಾವಳಿಗೆ ತಂದಿಟ್ಟ ಕಾಯಿಗಳನ್ನ ಮತ್ತೆ ಮತ್ತೆ ಜೋಡಿಸ್ತಾ ಕೂತೆ. ನಾಲ್ಕೂವರೆ ಹೊತ್ತಿಗೆ "ನೆಟ್ಟಣ. ಎಂತಕ್ಕೋ ಲೇಟು. ನಿದ್ದೆ ಬಂದಿತ್ತು" ಅಂತ ಬಂತು. ನಿದ್ದೆ ಬಂದಿತ್ತಂತೆ!

ಆಮೇಲೆ ವಿಚಾರಿಸಿದೆ, ಮೇಲಿಂದ ಸ್ವಲ್ಪ ಮಣ್ಣು ಬಿದ್ದಿತ್ತು, ತೆಗೆಯೋ ತನಕ ಗಾಡಿ ಹಿಡಿದಿಟ್ಟಿದ್ರು, ಅಷ್ಟೇ. ಹಿಡಿದಿಟ್ಟಿದ್ದಾರೆ ಅಂದ್ರೆ ಯಾರೋ ನೋಡಿದ್ದಾರೆ ಅಂತ ಅರ್ಥ, ಅದು ಒಳ್ಳೇ ಸುದ್ದಿ. ಆದ್ರೆ ಆ ರಾತ್ರಿ ನಂಗೆ ಅದು ಗೊತ್ತಿರ್ಲಿಲ್ಲ ನೋಡು.

ನಾನು ರೈಲ್ವೆಯಲ್ಲಿ ಹಳಿ ನೋಡ್ಕೊಳ್ಳೋ ಗ್ಯಾಂಗಲ್ಲಿದ್ದಾಗ ಘಾಟಲ್ಲಿ ಮಳೆಗಾಲದ ರಾತ್ರಿ ಬೀಟ್ ಮಾಡಿದ್ದು ನಿಂಗೆ ಗೊತ್ತು, ಏನು ಮಾಡ್ತಿದ್ವಿ ಅಂತ ಸರಿಯಾಗಿ ಹೇಳಿಲ್ಲ ಅನ್ಸತ್ತೆ. ಇಬ್ರು ಇಬ್ರು ಹೋಗೋದು. ಲ್ಯಾಂಪು, ಸೀಟಿ, ಬ್ಯಾಗಲ್ಲಿ ಪಟಾಕಿ. ಪಟಾಕಿ ಅಂದ್ರೆ ಡೆಟೊನೇಟರ್, ಅಂಗೈಯಲ್ಲಿ ಹಿಡಿಸೋ ಚಪ್ಪಟೆ ತಗಡಿನ ಡಬ್ಬಿ, ಅದಕ್ಕೆ ಎರಡು ಕಡೆ ಪಟ್ಟಿ ಇರತ್ತೆ, ಅದನ್ನ ಹಳಿ ತಲೆಗೆ ಮಡಚಿ ಬಿಗಿದು ಕೂರಿಸೋದು. ಎಂಜಿನ್ ಮೇಲೆ ಹೋದ್ರೆ ಢಂ ಅನ್ನತ್ತೆ, ಡ್ರೈವರ್ ನಿಲ್ಲಿಸ್ತಾನೆ. ಕೈಯಲ್ಲಿ ಒಂದು ಪುಸ್ತಕ, ಬೀಟ್ ಕೊನೆಗೆ ಪಕ್ಕದ ಬೀಟಿನವರು ಸಿಕ್ಕಿದ ಮೇಲೆ ಅದನ್ನ ಬದಲಾಯಿಸಿಕೊಂಡು ವಾಪಸ್ ನಡೆಯೋದು.

ನೋಡೋದು ಹಳಿ ಅಲ್ಲ, ನೀರು. ಇದನ್ನ ಯಾರೂ ನಂಬಲ್ಲ. ಗುಡ್ಡ ಕಡಿದು ಹಳಿ ಹಾಕಿದ ಜಾಗ ಅದು, ಮೇಲಿನ ಮಣ್ಣು ನೀರು ಕುಡಿದು ಕುಡಿದು ಭಾರ ಆಗತ್ತೆ, ಕೆಳಗೆ ಬಂಡೆ ಮೇಲೆ ಹಿಡಿತ ಇರಲ್ಲ. ಜಾರೋ ಮುಂಚೆ ಸುಳಿವು ಕೊಡತ್ತೆ. ತಿಳಿ ನೀರು ಬರ್ತಿದ್ದ ಚರಂಡಿಯಲ್ಲಿ ಕೆಂಪು ನೀರು ಬಂದ್ರೆ ಮೇಲೆ ಎಲ್ಲೋ ಮಣ್ಣು ಬಿಡ್ತಾ ಇದೆ ಅಂತ. ನೆಟ್ಟಗಿದ್ದ ಮರ ಹಳಿ ಕಡೆ ವಾಲಿದ್ರೆ ಕೆಟ್ಟದ್ದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಹೊಡೀತಾ ಇದ್ದು ಚರಂಡಿ ಸದ್ದೇ ನಿಂತೋದ್ರೆ. ನೀರು ಎಲ್ಲೂ ಹೋಗಿಲ್ಲ, ಮೇಲೆ ತಡೆದು ನಿಂತಿದೆ.

ಎಡಕುಮೇರಿ ಕಡೆ ಒಂದು ರಾತ್ರಿ ಹಾಗೇ ಆಯ್ತು. ಸದ್ದು ನಿಂತಿದೆ ಅಂತ ಮೊದ್ಲು ಹೇಳಿದ್ದು ನನ್ನ ಜೊತೆಗಾರ, ನಾನಲ್ಲ. ಲ್ಯಾಂಪ್ ಎತ್ತಿ ನೋಡಿದ್ರೆ ಮರ ಬುಡ ಸಮೇತ ಮೇಲಿನ ಚರಂಡಿಗೆ ಬಿದ್ದಿದೆ, ನೀರು ದಾರಿ ಬಿಟ್ಟು ಸೀದಾ ಹಳಿ ಕಡೆ ತಿರುಗಿದೆ, ಜಲ್ಲಿ ಕೆಳಗಿಂದ ಮಣ್ಣು ಹೋಗ್ತಾ ಇದೆ. ಮೇಲಿಂದ ಲೋಡ್ ಗೂಡ್ಸ್ ಬರೋ ಟೈಮು. ಇಳಿಜಾರಲ್ಲಿ ಲೋಡ್ ಗಾಡಿ ಬ್ರೇಕ್ ಹಾಕಿದ ಕೂಡ್ಲೆ ನಿಲ್ಲಲ್ಲ, ಅದಕ್ಕೆ ಮೊದ್ಲೇ ಗೊತ್ತಾಗಬೇಕು. 600 ಮೀಟರ್ ಮುಂದೆ ಹೋಗಿ ಒಂದು ಪಟಾಕಿ, 1200 ಮೀಟರಿಗೆ ಹೋಗಿ ಹತ್ತತ್ತು ಮೀಟರ್ ಬಿಟ್ಟು ಮೂರು, ಅದು ರೂಲು. ಓದೋಕೆ ಸಲೀಸು. ಆ ಘಾಟಲ್ಲಿ ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು, ಅಂದ್ರೆ 1200 ಮೀಟರ್ ಓಡಿದ್ರೆ 24 ಮೀಟರ್ ಹತ್ತಿದ ಹಾಗೆ, ಕತ್ತಲಲ್ಲಿ, ಮಳೆಯಲ್ಲಿ, ಜಾರೋ ಜಲ್ಲಿ ಮೇಲೆ, ಲ್ಯಾಂಪಿನ ಕೆಂಪು ಮುಂದೆ ಹಿಡ್ಕೊಂಡು. ಓಡಿದ್ದು ಅವ್ನು, ನಾನು ಮರ ಬಿದ್ದ ಜಾಗದಲ್ಲಿ ಲ್ಯಾಂಪ್ ಹಿಡಿದು ನಿಂತೆ. ನಿಂತವನಿಗೆ ಓಡಿದವನ ಸುದ್ದಿ ಇಲ್ಲ. ಮುಟ್ಟಿದ್ನಾ, ಬಿದ್ನಾ, ಪಟಾಕಿ ಸರಿ ಕೂತಿದ್ಯಾ, ಏನೂ ಗೊತ್ತಿಲ್ಲ. ಎಷ್ಟೋ ಹೊತ್ತಿಗೆ ಢಂ ಢಂ ಢಂ ಕೇಳಿಸ್ತು. ಗೂಡ್ಸ್ ನಿಂತಿತು.

ಹೋದ ವರ್ಷ ದೋಣಿಗಲ್ ಆದ ಮೇಲೆ ನಂಗೆ ಆದದ್ದು ಅದೇ. ನಿನ್ನ ಮೆಸೇಜು ಅಂದ್ರೆ ನಂಗೆ ಆ ಪಟಾಕಿ ಸದ್ದು. ನಿನ್ನ ಮೇಲೆ ಡೌಟು ಅಂತ ನೀನು ತಿಳ್ಕೊಂಡಿದ್ದೀಯ, ನಿನ್ನ ಫ್ರೆಂಡ್ಸ್ ಮುಂದೆ ಮಾನ ಹೋಗತ್ತೆ ಅಂದೆ. ನಿನ್ನ ಮೇಲೆ ಡೌಟಿಲ್ಲ. ಆ 55 ಕಿಲೋಮೀಟರ್ ಮೇಲೆ ಡೌಟು.

2024ರ ಜುಲೈ ಕೊನೆಗೆ ಏನಾಯ್ತು ಗೊತ್ತಲ್ಲ, ಎಡಕುಮೇರಿ ಕಡಗರವಳ್ಳಿ ಮಧ್ಯೆ. ಮೇಲಿಂದ ಬಿದ್ದಿದ್ದಲ್ಲ ಅದು, ಹಳಿ ಕೆಳಗಿನ ಮಣ್ಣೇ ಜಾರಿ ಹೋಯ್ತು. ಮೇಲಿಂದ ಬಿದ್ರೆ ಕಣ್ಣಿಗೆ ಕಾಣತ್ತೆ, ಕೆಳಗಿಂದ ಹೋದ್ರೆ ಮೇಲೆ ಹಳಿ ನೆಟ್ಟಗೇ ಇರತ್ತೆ, ಅದು ಹೆದರಿಕೆ. ತಂತಿ ಬಲೆಯಲ್ಲಿ ಕಲ್ಲು ತುಂಬಿ, ಮರಳು ಚೀಲ ಪೇರಿಸಿ ಗೋಡೆ ಕಟ್ಟಿ ಸರಿ ಮಾಡೋಕೆ ಎರಡು ವಾರದ ಹತ್ತಿರ ಹಿಡೀತು. ಆ ಮಳೆಯಲ್ಲಿ ಅಲ್ಲಿ ಕೆಲಸ ಮಾಡಿದವರನ್ನ ನೆನಪು ಮಾಡ್ಕೊಂಡ್ರೆ ಕೈ ಮುಗೀಬೇಕು ಅನ್ಸತ್ತೆ. ಅಂದ್ರೆ ನಾನು ಹೇಳೋದು ಏನು, ಟ್ರೇನು ಬೇಡ ಅಂತಲ್ಲ. ಬಸ್ಸಾದ್ರೂ ಯಾವುದೋ ಒಂದು ಘಾಟ್ ಇಳೀಲೇಬೇಕು, ಅದರ ಕತೆ ಬೇರೆ. ಮಳೆ ಜೋರಾದ್ರೆ ಗಾಡಿ ಬಿಡದೇ ಇರೋರು ಟ್ರೇನಿನವರೇ, ಲೇಟಾದ್ರೆ ಬೈಬೇಡ.

ಇನ್ನೊಂದು, ಬೈದ್ರೂ ಪರವಾಗಿಲ್ಲ ಬರೀತೇನೆ. ಘಾಟಲ್ಲಿ ಬಾಗಿಲ ಹತ್ರ ನಿಲ್ಬೇಡ. 57 ಸುರಂಗ ಇದೆ, ಹುಡುಗ್ರು ಮೊಬೈಲ್ ಹಿಡ್ಕೊಂಡು ನೇತಾಡ್ತಾರೆ, ಸುರಂಗದ ಗೋಡೆ ಎಷ್ಟು ಹತ್ರ ಇರತ್ತೆ ಅಂತ ಕತ್ತಲಲ್ಲಿ ಗೊತ್ತಾಗಲ್ಲ, ಮೆಟ್ಲು ಒದ್ದೆ ಇರತ್ತೆ. ನೋಡಬೇಕು ಅನ್ಸಿದ್ರೆ ಕಿಟಕಿಯಿಂದ ನೋಡು. ಘಾಟಲ್ಲಿ ಗಾಡಿ ನಿಂತ್ರೆ ಕೆಳಗೆ ಇಳೀಬೇಡ, ಯಾರೇ ಇಳಿದ್ರೂ ಸರಿ. ಪವರ್ ಬ್ಯಾಂಕ್ ಹಾಸ್ಟೆಲಲ್ಲೇ ಚಾರ್ಜ್ ಮಾಡ್ಕೊ, ಸ್ಲೀಪರಲ್ಲಿ ಪಾಯಿಂಟಿಗೆ ಜಗಳ. ಏನಾದ್ರೂ ತೊಂದ್ರೆ ಆದ್ರೆ ಮೊದ್ಲು 139, ಆಮೇಲೆ ನಂಗೆ. ಪಕ್ಕದ ಸೀಟಿನವರ ಜೊತೆ ಮಾತಾಡು, ಆದ್ರೆ ಎಲ್ಲಿ ಇಳಿಯೋದು ಯಾರು ಬರ್ತಾರೆ ಅಂತ ಎಲ್ಲಾ ಹೇಳ್ತಾ ಕೂರಬೇಡ. ಮತ್ತೆ ಆ ಇಯರ್‌ಫೋನ್ ಒಂದು ಕಿವಿಗಾದ್ರೂ ತೆಗಿ. ಸರಿ ಸರಿ, ನಿಲ್ಲಿಸ್ತೇನೆ.

ಹೇಳೋಕೆ ಮರೆತೆ, ನೀನು ಟಿಕೆಟ್ ನಿನ್ನ ಟ್ಯೂಷನ್ ದುಡ್ಡಲ್ಲಿ ಮಾಡ್ಸಿದ್ದು ಅಂತ ಅಮ್ಮ ಹೇಳಿದ್ಲು. ನಾನು ಫೋನಲ್ಲಿ ಅದರ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಆದ್ರೆ ಮೀನು ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ.

ಈಗ ಒಪ್ಪಂದ. ಕುಣಿಗಲ್ ಬೇಡ, ಚನ್ನರಾಯಪಟ್ಣ ಬೇಡ, ಹಾಸನನೂ ಬೇಡ. ಸಕಲೇಶಪುರ ಬಿಡುವಾಗ ಒಂದು, ನೆಟ್ಟಣದಲ್ಲಿ ಒಂದು, ಎರಡೇ. ನೆಟ್ಟಣದ ಟೈಮಿಗೆ ಅಲಾರಂ ಇಟ್ಕೊ, ಒಂದು ಅಕ್ಷರ ಒತ್ತಿ ಮತ್ತೆ ಮಲಗು. ಪುತ್ತೂರು, ಸುರತ್ಕಲ್, ಉಡುಪಿ, ಕುಂದಾಪುರ ಎಲ್ಲಾ ನಿದ್ದೆಯಲ್ಲೇ ಹೋಗ್ಲಿ, ಆ ಕಡೆ ನಂಗೆ ಹೆದರಿಕೆ ಇಲ್ಲ. ಭಟ್ಕಳದಲ್ಲಿ ಎದ್ದು ಮುಖ ತೊಳ್ಕೊ, ಹೊನ್ನಾವರದಲ್ಲಿ ಶರಾವತಿ ಸೇತುವೆ ಶುರುವಾದ ಕೂಡ್ಲೆ ಬ್ಯಾಗ್ ಕೆಳಗಿಳಿಸು, ಎರಡು ಕಿಲೋಮೀಟರ್ ಸೇತುವೆ, ಆಮೇಲೆ ಕುಮಟಾ ಬರೋಕೆ ಜಾಸ್ತಿ ಹೊತ್ತಿಲ್ಲ. ಸ್ಟೇಷನ್ನಿಗೆ ನಾನೇ ಬರ್ತೇನೆ, ರಿಕ್ಷಾ ಮಾಡ್ಬೇಡ.

ಗಣಪನ ಮುಂದೆ ಹಾಕೋಕೆ ಲೈಟಿನ ಸರ ತರೋಕೆ ಅಮ್ಮ ಹೇಳಿದ್ದಾಳೆ, ಕಲರ್ ಕಲರ್ ಮಿಣುಕೋದು ಬೇಡ, ಹಳದಿ ಒಂದೇ ಬಣ್ಣದ್ದು, ಉದ್ದ ಹತ್ತು ಮೀಟರಿಗೆ ಕಮ್ಮಿ ಬೇಡ.

ಅಪ್ಪ